ಮೈಲುತುತ್ತ, ಕುಡಿಕೆ ಮತ್ತು ಹಳೆಯ ಟಾರ್ಚ್ ಸೆಲ್: ಎರಡು ತಗಡುಗಳ ತೂಕದ ಲೆಕ್ಕ

ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದು ಮುಗಿದ ಮೇಲೆ ನಮ್ಮ ಉಗ್ರಾಣದಲ್ಲಿ ಒಂದೂವರೆ ಕಿಲೋದಷ್ಟು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಉಳಿದಿತ್ತು. ಅದು ಉಳಿಯದೇ ಇದ್ದಿದ್ದರೆ ಈ ಕೆಲಸಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ. ತಮ್ಮನ ಮಗಳು ರಚನಾ ಮೊದಲನೆಯ ವರ್ಷದ ಬಿ.ಎಸ್‌ಸಿ.ಯಲ್ಲಿದ್ದಾಳೆ. ಮಳೆಗೆ ಕಾಲೇಜಿಗೆ ರಜೆ ಕೊಟ್ಟಾಗ ಮನೆಗೆ ಬಂದವಳು ಪ್ರಯೋಗದ ರೆಕಾರ್ಡ್ ಪುಸ್ತಕ ಬರೆಯುತ್ತಾ ಕುಳಿತಿದ್ದಳು. ನಿಂಬೆಹಣ್ಣಿಗೆ ತಾಮ್ರ ಮತ್ತು ಸತುವಿನ ತುಂಡು ಚುಚ್ಚಿ ವೋಲ್ಟೇಜ್ ಅಳೆಯುವ ಪ್ರಯೋಗ ಅದು. ಚಿತ್ರದ ಕೆಳಗೆ ಅಚ್ಚುಕಟ್ಟಾಗಿ ಎರಡು ಸಾಲು ಬರೆದಿದ್ದಳು:

```
Zn → Zn²⁺ + 2e⁻
Cu²⁺ + 2e⁻ → Cu
```

ಮೊದಲನೆಯ ಸಾಲು ಸರಿ. ಎರಡನೆಯದರ ಮೇಲೆ ಬೆರಳಿಟ್ಟು, "ನಿಂಬೆರಸದೊಳಗೆ ತಾಮ್ರದ ಅಯಾನು ಎಲ್ಲಿಂದ ಬಂತು?" ಎಂದು ಕೇಳಿದೆ.

"ತಗಡು ತಾಮ್ರದ್ದೇ ಅಲ್ಲವೇ ದೊಡ್ಡಪ್ಪ?"

"ತಗಡಿನಿಂದ ಬಂದದ್ದು ಮತ್ತೆ ತಗಡಿನ ಮೇಲೆಯೇ ಕೂರುತ್ತದೆ ಎಂದರೆ, ಕೆಲಸ ಮಾಡಿದವರು ಯಾರು?"

ಅವಳು ಉತ್ತರ ಹೇಳಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟು ಹಿಂದಿನ ಸಂಜೆಯೇ ಹೋಗಿತ್ತು, ತೋಟದಲ್ಲಿ ಮಾಡುವ ಕೆಲಸವೂ ಇರಲಿಲ್ಲ. ಬಾಯಿಮಾತಿನಲ್ಲಿ ವಾದ ಮಾಡುವ ಬದಲು ತಗಡುಗಳನ್ನು ತೂಕಕ್ಕೇ ಹಾಕಿಬಿಡೋಣ ಎಂದೆ. ಇಲೆಕ್ಟ್ರಾನ್ ಕಳೆದುಕೊಳ್ಳುವ ಉತ್ಕರ್ಷಣ ನಡೆದ ತಗಡು ಸವೆಯಬೇಕು. ಇಲೆಕ್ಟ್ರಾನ್ ಪಡೆಯುವ ಅಪಕರ್ಷಣದಲ್ಲಿ ಲೋಹ ಕೂತರೆ ಆ ತಗಡು ಭಾರವಾಗಬೇಕು, ಲೋಹದ ಬದಲು ಬೇರೇನಾದರೂ ಹುಟ್ಟಿದರೆ ತೂಕ ಇದ್ದಷ್ಟೇ ಇರಬೇಕು. ಏಲಕ್ಕಿ ತೂಗಲು ಇಟ್ಟುಕೊಂಡ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಮನೆಯಲ್ಲಿತ್ತು. ಆಮೇಲಿನ ನಾಲ್ಕು ದಿನ ನಾವು ಮಾಡಿದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ದಿನ: ಕತ್ತಿಯ ಪರೀಕ್ಷೆ, ಕಾಚಂಪುಳಿಯ ಸೆಲ್

ಬೋರ್ಡೋ ಕಲಸುವವರಿಗೆಲ್ಲ ಒಂದು ಪರೀಕ್ಷೆ ಗೊತ್ತು. ಮೈಲುತುತ್ತದ ನೀರು ಮತ್ತು ಸುಣ್ಣದ ನೀರು ಬೆರೆಸಿದ ಮೇಲೆ, ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ವರ್ಷವೂ ಇದನ್ನು ಮಾಡುತ್ತೇವೆ, ಏಕೆ ಕೆಂಪಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸುಣ್ಣದೊಂದಿಗೆ ಸೇರದೆ ಉಳಿದ ತಾಮ್ರದ ಅಯಾನು ಕತ್ತಿಯ ಕಬ್ಬಿಣದಿಂದ ಎರಡು ಇಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಅಲ್ಲೇ ಕೂರುತ್ತದೆ. ಇಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಅಯಾನಾಗಿ ನೀರಿಗೆ ಇಳಿಯುತ್ತದೆ. ಕಳೆದುಕೊಂಡದ್ದು ಉತ್ಕರ್ಷಣ, ಪಡೆದುಕೊಂಡದ್ದು ಅಪಕರ್ಷಣ. ಎರಡೂ ಒಂದೇ ಕತ್ತಿಯ ಮೇಲೆ ಪಕ್ಕಪಕ್ಕದಲ್ಲೇ ನಡೆಯುವುದರಿಂದ ಇಲೆಕ್ಟ್ರಾನ್ ಎಲ್ಲಿಗೂ ಪ್ರಯಾಣ ಮಾಡಬೇಕಾಗಿಲ್ಲ, ನಮಗೆ ವಿದ್ಯುತ್ತೂ ಸಿಗುವುದಿಲ್ಲ. ಈ ಎರಡು ಕೆಲಸಗಳನ್ನು ಬೇರೆ ಬೇರೆ ಕೋಣೆಗೆ ಹಾಕಿ, ಇಲೆಕ್ಟ್ರಾನ್ ತಂತಿಯ ಮೂಲಕವೇ ಹೋಗುವಂತೆ ಮಾಡಿದರೆ ಅದೇ ಬ್ಯಾಟರಿ.

ರಚನಾಳಿಗೆ ಒಂದು ಲೋಟದಲ್ಲಿ ಮೈಲುತುತ್ತ ಕರಗಿಸಿ, ಉಜ್ಜಿದ ಕಬ್ಬಿಣದ ಮೊಳೆಯನ್ನು ಅದ್ದಿ ತೋರಿಸಿದೆ. ಅರ್ಧ ನಿಮಿಷಕ್ಕೇ ಮೊಳೆ ಕೆಂಪಾಯಿತು. ಈ ಮೊಳೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಂತರ ಅವಳ ನಿಂಬೆಯ ಸೆಲ್ಲನ್ನೇ ಕೊಡಗಿನ ಹುಳಿಯಲ್ಲಿ ಕಟ್ಟಿದೆವು. ನಿಂಬೆಹಣ್ಣಿಗೆ ಆ ಮಳೆಯಲ್ಲಿ ಪೇಟೆಗೆ ಹೋಗುವವರು ಯಾರು? ಅಡುಗೆಮನೆಯಲ್ಲಿ ಕಾಚಂಪುಳಿಯ ಬಾಟಲಿ ಇತ್ತು. "ಹಂದಿ ಸಾರಿಗೆ ಇಟ್ಟದ್ದು, ಎರಡು ಚಮಚಕ್ಕಿಂತ ಹೆಚ್ಚು ಮುಟ್ಟಬೇಡ" ಎಂದು ಅಮ್ಮ ಗದರಿದರು. ಎರಡು ಚಮಚ ಅರ್ಧ ಲೋಟ ನೀರಿಗೆ ಧಾರಾಳವಾಗಿ ಸಾಕು.

ಇಲ್ಲಿ ಮೊದಲ ತಪ್ಪು ಮಾಡಿದೆ. ಮಾಡಿನ ಶೀಟಿಗೆ ನಾವೆಲ್ಲ ಜಿಂಕ್ ಶೀಟ್ ಎನ್ನುತ್ತೇವಲ್ಲ, ಅದರ ಒಂದು ತುಂಡು ಕತ್ತರಿಸಿ ಸತುವಿನ ತಗಡೆಂದು ಇಳಿಬಿಟ್ಟೆ. ಆರಂಭದಲ್ಲಿ ಮಲ್ಟಿಮೀಟರ್ 0.93 ವೋಲ್ಟ್ ತೋರಿಸಿತು. ಊಟ ಮುಗಿಸಿ ಬರುವಷ್ಟರಲ್ಲಿ ತುಂಬ ಇಳಿದಿತ್ತು, ತಗಡಿನ ಅಂಚಿನಲ್ಲಿ ಬೂದುಬಣ್ಣದ ಕಬ್ಬಿಣ ಇಣುಕುತ್ತಿತ್ತು. ಶೀಟಿನಲ್ಲಿ ಸತು ಇರುವುದು ತಲೆಗೂದಲಿಗಿಂತ ತೆಳುವಾದ ಲೇಪದಷ್ಟೇ, ಹುಳಿ ಅದನ್ನು ತಿಂದು ಮುಗಿಸಿತ್ತು. ಸತುವಿಗಿಂತ ಕಬ್ಬಿಣ ಇಲೆಕ್ಟ್ರಾನ್ ಬಿಟ್ಟುಕೊಡಲು ಹಿಂಜರಿಯುವ ಲೋಹ, ಆದ್ದರಿಂದ ವೋಲ್ಟೇಜ್ ಕಡಿಮೆ. ವೋಲ್ಟೇಜ್ ಏಕಾಏಕಿ ಇಳಿದು ಅಲ್ಲಿಯೇ ನಿಂತರೆ ಮೊದಲು ತಗಡನ್ನು ಅನುಮಾನಿಸಿ.

ನಿಜವಾದ ಸತುವಿಗೆ ಹಳೆಯ ಟಾರ್ಚಿನ ದಪ್ಪ ಸೆಲ್ ಒಡೆದೆ. ಅಗ್ಗದ ಸಾಧಾರಣ ಸೆಲ್ಲಿನ ಒಳಡಬ್ಬಿಯೇ ಸತುವಿನದು. ಹೊರಗಿನ ಹೊದಿಕೆ ಬಿಚ್ಚಿ, ಡಬ್ಬಿ ಸೀಳಿ, ಒಳಗಿನ ಕಪ್ಪು ಪುಡಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಕಟ್ಟಿಟ್ಟೆ. ಮೈಮೇಲೆ ಆಲ್ಕಲೈನ್ ಎಂದು ಬರೆದ ಸೆಲ್ಲನ್ನು ಮಾತ್ರ ಒಡೆಯಬಾರದು, ಅದರೊಳಗೆ ಚರ್ಮ ಸುಡುವ ಕ್ಷಾರವಿರುತ್ತದೆ, ಡಬ್ಬಿಯೂ ಸತುವಿನದಲ್ಲ. ಸೀಳಿದ ಡಬ್ಬಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿ, ತುಕ್ಕು ತಿಂದ ಭಾಗ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿದೆ. ತಾಮ್ರಕ್ಕೆ ಮನೆಯ ವಯರಿಂಗ್‌ನಲ್ಲಿ ಉಳಿದಿದ್ದ ದಪ್ಪ ತಂತಿಯ ಅರವತ್ತು ಸೆಂಟಿಮೀಟರ್ ತುಂಡು. ಪ್ಲಾಸ್ಟಿಕ್ ಸುಲಿದು ಸುರುಳಿ ಸುತ್ತಿ ತೂಗಿದರೆ 13.40 ಗ್ರಾಂ.

ಹೊಸ ಸತುವಿನೊಡನೆಯೂ ಅದೇ 0.93 ವೋಲ್ಟ್ ಬಂತು. 47 ಓಮ್‌ನ ಒಂದು ರೆಸಿಸ್ಟರ್ ಅಡ್ಡ ಕೂಡಿಸಿದ ತಕ್ಷಣ 0.41ಕ್ಕೆ ಕುಸಿಯಿತು, ಐದು ನಿಮಿಷದಲ್ಲಿ 0.18. ತಾಮ್ರದ ಸುರುಳಿಯನ್ನು ಅಲ್ಲಾಡಿಸಿದರೆ ಒಂದು ಕ್ಷಣ ಏರುತ್ತದೆ, ಮತ್ತೆ ಇಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿದಾಗ ತಾಮ್ರದ ಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು.

"ತಾಮ್ರ ಕರಗುತ್ತಿದೆಯೇ?" ಎಂದಳು.

ಎರಡು ಗಂಟೆ ಬಿಟ್ಟು, ತೊಳೆದು, ಒರಸಿ, ಒಲೆಯ ಬಳಿ ಒಣಗಿಸಿ ತೂಗಿದೆವು. 13.40. ಒಂದು ಅಂಕಿಯೂ ಕದಲಿಲ್ಲ. ಅಂದರೆ ತಾಮ್ರ ಈ ವ್ಯವಹಾರದಲ್ಲಿ ಕೊಟ್ಟದ್ದೂ ಇಲ್ಲ, ಪಡೆದದ್ದೂ ಇಲ್ಲ. ಸತುವಿನಿಂದ ತಂತಿಯಲ್ಲಿ ಬಂದ ಇಲೆಕ್ಟ್ರಾನನ್ನು ಹುಳಿಗೆ ದಾಟಿಸುವ ಕಟ್ಟೆಯಾಗಿ ಅದು ಸುಮ್ಮನೆ ನಿಂತಿತ್ತು, ಅಷ್ಟೇ. ಇಲೆಕ್ಟ್ರಾನನ್ನು ತೆಗೆದುಕೊಂಡದ್ದು ಹುಳಿಯಲ್ಲಿರುವ ಹೈಡ್ರೋಜನ್ ಅಯಾನು:

```
2H⁺ + 2e⁻ → H₂
```

ಗುಳ್ಳೆಗಳು ಅದೇ. ಆರಂಭದ ಹೆಚ್ಚಿನ ವೋಲ್ಟೇಜಿಗೆ ಮಾತ್ರ ಇನ್ನೊಂದು ಕಾರಣವೂ ಇದೆ. ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ತಂತಿಯ ಮೈಮೇಲಿನ ತೆಳು ಆಕ್ಸೈಡ್ ಹೈಡ್ರೋಜನ್‌ಗಿಂತ ಸುಲಭವಾಗಿ ಇಲೆಕ್ಟ್ರಾನ್ ಪಡೆಯುತ್ತವೆ, ಆದರೆ ಅವು ಇರುವುದೇ ಅಲ್ಪ, ಬೇಗ ಮುಗಿಯುತ್ತವೆ. ಆಮೇಲೆ ಹೈಡ್ರೋಜನ್ ಅಯಾನಿನ ಸರದಿ. ತಾಮ್ರದ ಮೈಮೇಲೆ ಅದು ಸುಲಭವಾಗಿ ಅನಿಲವಾಗುವುದಿಲ್ಲ, ಆದ ಅನಿಲವೂ ಬಿಟ್ಟು ಹೋಗದೆ ಮೈಗೆ ಅಂಟಿಕೊಳ್ಳುತ್ತದೆ. ಸುರುಳಿ ಅಲ್ಲಾಡಿಸಿದಾಗ ವೋಲ್ಟೇಜ್ ಏರಿದ್ದು ಗುಳ್ಳೆ ಉದುರಿ, ಹೊಸ ಗಾಳಿ ಬೆರೆತ ನೀರು ತಗುಲಿದ್ದರಿಂದ.

ರಚನಾ ರೆಕಾರ್ಡಿನ ಎರಡನೆಯ ಸಾಲನ್ನು ಹೊಡೆದುಹಾಕಿದಳು. "ಹಾಗಾದರೆ ನಾನು ಬರೆದ ಸಾಲು ಎಲ್ಲಿಯೂ ನಡೆಯುವುದೇ ಇಲ್ಲವೇ?" ನಡೆಯುತ್ತದೆ, ತಾಮ್ರದ ಅಯಾನು ಇರುವ ನೀರಿನಲ್ಲಿ. ಅದು ಉಗ್ರಾಣದಲ್ಲಿತ್ತು.

ಎರಡನೆಯ ದಿನ: ಕುಡಿಕೆ

ಲಂಡನ್ನಿನ ಜಾನ್ ಫ್ರೆಡೆರಿಕ್ ಡೇನಿಯಲ್ 1836ರಲ್ಲಿ ಮಾಡಿದ ಸೆಲ್ ಈ ಗುಳ್ಳೆಯ ಕಾಟಕ್ಕೆ ಹುಡುಕಿದ ಪರಿಹಾರವೇ. ಹೈಡ್ರೋಜನ್‌ಗೆ ಸರದಿಯೇ ಬರದಂತೆ ತಾಮ್ರದ ಸುತ್ತ ತಾಮ್ರದ ಸಲ್ಫೇಟ್ ತುಂಬಿಬಿಡುವುದು. ಆದರೆ ಆ ನೀಲಿ ನೀರು ಸತುವನ್ನು ಮುಟ್ಟಬಾರದು. ಮುಟ್ಟಿದರೆ ಕತ್ತಿಯ ಕಥೆಯೇ ಆಗುತ್ತದೆ. ಆದ್ದರಿಂದ ನಡುವೆ ಗೋಡೆ ಬೇಕು. ಗೋಡೆ ಪೂರ್ತಿ ಮುಚ್ಚಿದರೂ ಆಗದು, ಅಯಾನುಗಳು ನುಸುಳುವಷ್ಟು ಸಂದು ಇರಬೇಕು. ಡೇನಿಯಲ್ ಮೊದಲು ಎತ್ತಿನ ಅನ್ನನಾಳದ ಪೊರೆ ಬಳಸಿದ್ದರು, ಆಮೇಲೆ ಬಂದದ್ದು ಮಣ್ಣಿನ ಪಾತ್ರೆ. ನಮ್ಮಲ್ಲಿ ಮೊಸರು ಹೆಪ್ಪು ಹಾಕುತ್ತಿದ್ದ ಮಣ್ಣಿನ ಕುಡಿಕೆಗಳು ಅಟ್ಟದಲ್ಲಿದ್ದವು. ಹೊಳಪು ಲೇಪ ಇಲ್ಲದ ಕುಡಿಕೆಯೇ ಆಗಬೇಕು, ಒಂದು ಹನಿ ನೀರು ಹಾಕಿದರೆ ಹೀರಿಕೊಳ್ಳಬೇಕು.

ಗೊಬ್ಬರದ ಅಂಗಡಿಯಲ್ಲಿ ಎಲೆಗೆ ಸಿಂಪಡಿಸಲೆಂದು ಮಾರುವ ಸತುವಿನ ಸಲ್ಫೇಟ್ ಕೂಡ ಮನೆಯಲ್ಲಿತ್ತು. 100 ಮಿ.ಲೀ. ನೀರಿಗೆ ಅದನ್ನು 14 ಗ್ರಾಂ, 250 ಮಿ.ಲೀ. ನೀರಿಗೆ ಮೈಲುತುತ್ತ 31 ಗ್ರಾಂ. ಎರಡೂ ಹೆಚ್ಚುಕಡಿಮೆ ಅರ್ಧ ಮೋಲಾರ್ ದ್ರಾವಣ. ಕೃಷಿಯ ಸರಕಾದ್ದರಿಂದ ಸ್ವಲ್ಪ ಕದಡು ಇತ್ತು, ಬಟ್ಟೆಯಲ್ಲಿ ಸೋಸಿದೆವು. ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ನೀರು, ಅದರೊಳಗೆ ಕುಡಿಕೆ, ಕುಡಿಕೆಯ ಸುತ್ತ ತಾಮ್ರದ ಸುರುಳಿ. ಕುಡಿಕೆಯೊಳಗೆ ಸತುವಿನ ಸಲ್ಫೇಟಿನ ನೀರು, ಅದರಲ್ಲಿ ಸತುವಿನ ತಗಡು. ಹೊರಗಿನ ಡಬ್ಬಿ ಕಬ್ಬಿಣದ್ದೂ ತಗಡಿನದ್ದೂ ಆಗಕೂಡದು, ಕಾರಣ ಈಗ ನೀವೇ ಹೇಳಬಲ್ಲಿರಿ.

ಮೀಟರ್ ಹಚ್ಚಿದೆವು. ರೆಸಿಸ್ಟರ್ ಇಲ್ಲದೆ ಏನೋ ತೋರಿಸಿತು, ರೆಸಿಸ್ಟರ್ ಕೂಡಿಸಿದರೆ ಸೊನ್ನೆಯ ಹತ್ತಿರ. ಒಣಗಿದ ಕುಡಿಕೆಯ ಗೋಡೆಗೆ ನೀರು ಇನ್ನೂ ಇಳಿದಿರಲಿಲ್ಲ, ಅಯಾನುಗಳಿಗೆ ದಾರಿಯೇ ಇರಲಿಲ್ಲ. ಕುಡಿಕೆಯನ್ನು ಒಂದು ರಾತ್ರಿ ನೆನೆಯಲು ಹಾಕಿ ಮಲಗಿದೆವು. ಆ ರಾತ್ರಿ ಮೂರು ಇಂಚು ಮಳೆಯಾಯಿತು.

ಮೂರನೆಯ ದಿನ: ಹತ್ತು ಗಂಟೆಯ ಓಟ

ಬೆಳಿಗ್ಗೆ ಎಂಟಕ್ಕೆ ತೂಕ: ಸತು 11.86 ಗ್ರಾಂ, ತಾಮ್ರ 13.40 ಗ್ರಾಂ. ಸೆಲ್ಲಿನ ವೋಲ್ಟೇಜ್ 1.08. ಪುಸ್ತಕದ 1.10ಕ್ಕೆ ಇಷ್ಟು ಹತ್ತಿರ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಸತುವಿನ ಪ್ರಮಾಣಿತ ವಿಭವ −0.76, ತಾಮ್ರದ್ದು +0.34. ಎರಡರ ನಡುವಿನ ಅಂತರವೇ 1.10. ಕೆಂಪು ತಂತಿ ತಾಮ್ರಕ್ಕೆ, ಕಪ್ಪು ತಂತಿ ಸತುವಿಗೆ ಹಿಡಿದರೆ ಮೀಟರಿನಲ್ಲಿ ಋಣ ಚಿಹ್ನೆ ಬರುವುದಿಲ್ಲ. ತಾಮ್ರ ಧನ, ಸತು ಋಣ.

ಇಲ್ಲಿ ರಚನಾ ತಡವರಿಸಿದಳು. "ಆನೋಡ್ ಎಂದರೆ ಧನ ಅಲ್ಲವೇ? ಸತು ಆನೋಡ್ ಎಂದರೆ ಅದು ಹೇಗೆ ಋಣವಾಗುತ್ತದೆ?" ಅವಳಿಗೆ ಮೊದಲು ಕಲಿಸಿದ್ದು ವಿದ್ಯುದ್ವಿಭಜನೆ. ಅಲ್ಲಿ ಹೊರಗಿನ ಬ್ಯಾಟರಿ ಇಲೆಕ್ಟ್ರಾನನ್ನು ಆನೋಡಿನಿಂದ ಎಳೆದುಕೊಳ್ಳುತ್ತದೆ, ಆದ್ದರಿಂದ ಆನೋಡ್ ಧನ. ಇಲ್ಲಿ ಎಳೆಯುವವರು ಯಾರೂ ಇಲ್ಲ. ಸತು ತಾನಾಗಿಯೇ ಅಯಾನಾಗಿ ನೀರಿಗಿಳಿದು ಇಲೆಕ್ಟ್ರಾನನ್ನು ತಗಡಿನಲ್ಲಿ ಬಿಟ್ಟು ಹೋಗುತ್ತದೆ, ಇಲೆಕ್ಟ್ರಾನ್ ಗುಂಪುಗೂಡಿದ ತಗಡು ಋಣವಾಗುತ್ತದೆ. ಎರಡೂ ಕಡೆ ಬದಲಾಗದೆ ಉಳಿಯುವ ಮಾತು ಒಂದೇ: ಉತ್ಕರ್ಷಣ ನಡೆಯುವ ಕಡೆ ಆನೋಡ್, ಅಪಕರ್ಷಣ ನಡೆಯುವ ಕಡೆ ಕ್ಯಾಥೋಡ್. ಧನ ಋಣಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ.

47 ಓಮ್ ಕೂಡಿಸಿದಾಗ ಅದರ ತುದಿಗಳಲ್ಲಿ 0.95 ವೋಲ್ಟ್. ಆಂಪಿಯರ್ ಅಳೆಯಲು ಮೀಟರನ್ನು ದಾರಿಯ ನಡುವೆ ಸೇರಿಸಲಿಲ್ಲ. ಹಾಗೆ ಮಾಡಿದರೆ ಮೀಟರಿನದೇ ಅಡ್ಡಿ ಸೇರಿಕೊಳ್ಳುತ್ತದೆ. ರೆಸಿಸ್ಟರಿನ ವೋಲ್ಟೇಜನ್ನು 47ರಿಂದ ಭಾಗಿಸಿದರೆ ಕರೆಂಟು ಸಿಕ್ಕಿತು, ಸುಮಾರು 20 ಮಿಲಿಆಂಪಿಯರ್. ಗಂಟೆಗೊಮ್ಮೆ ರಚನಾ ಬರೆದಿಟ್ಟಳು. ಸಂಜೆ ಆರಕ್ಕೆ 0.92, ಸರಾಸರಿ 0.94. ಕಾಚಂಪುಳಿಯಲ್ಲಿ ಐದು ನಿಮಿಷ ನಿಲ್ಲದ ವೋಲ್ಟೇಜ್ ಇಲ್ಲಿ ಹತ್ತು ಗಂಟೆ ನಿಂತಿತು.

ಮಧ್ಯಾಹ್ನ ಅವಳು ಎರಡು ಮೂರು ಸಲ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀಲಿ ಬಣ್ಣ ಮಸುಕಾಗುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ಮಸುಕಾಗುತ್ತದೆ ನಿಜ, ಆದರೆ ಈ ಕರೆಂಟಿಗೆ ಹತ್ತು ಗಂಟೆಯಲ್ಲಿ ನೀರಿನೊಳಗಿನ ತಾಮ್ರದ ನೂರರಲ್ಲಿ ಮೂರು ಪಾಲು ಮಾತ್ರ ಖರ್ಚಾಗುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ ಅದು. ತಕ್ಕಡಿಗೆ ಮಾತ್ರ ಕಾಣುತ್ತದೆ.

ಇನ್ನೊಂದನ್ನೂ ಅವಳೇ ಕೇಳಿದಳು: ತಂತಿಯಲ್ಲಿ ಹೋದ ಇಲೆಕ್ಟ್ರಾನ್ ನೀರಿನ ಮೂಲಕ ವಾಪಸು ಸತುವಿಗೆ ಬರುತ್ತದೆಯೇ? ಇಲ್ಲ, ಅದು ತಾಮ್ರದ ಅಯಾನಿನೊಳಗೆ ಸೇರಿಹೋಯಿತು. ಆದರೆ ಸತುವಿನ ಕಡೆ ಧನ ಅಯಾನು ಹೆಚ್ಚುತ್ತಾ, ತಾಮ್ರದ ಕಡೆ ಕಡಿಮೆಯಾಗುತ್ತಾ ಹೋಗುತ್ತದೆ. ಆ ಏರುಪೇರನ್ನು ಸರಿದೂಗಿಸಲು ಸಲ್ಫೇಟ್ ಅಯಾನು ಕುಡಿಕೆಯ ಗೋಡೆ ದಾಟಿ ಒಳಗೆ ಬರುತ್ತದೆ, ಸತುವಿನ ಅಯಾನು ಹೊರಗೆ ಹೋಗುತ್ತದೆ. ಇದನ್ನು ತೋರಿಸಲು ಕುಡಿಕೆಯ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಲೋಟ ಇಟ್ಟು ಅದರಲ್ಲಿ ಸತು ಇಳಿಸಿದೆ. ನೀರು ಅದೇ, ತಗಡು ಅದೇ, ತಂತಿ ಅದೇ. ರೆಸಿಸ್ಟರಿನ ತುದಿಗಳಲ್ಲಿ ಸೊನ್ನೆ. ಒಂದು ನಿಮಿಷದಲ್ಲಿ ಮತ್ತೆ ಕುಡಿಕೆ ಇಟ್ಟೆ, 0.94 ವಾಪಸು ಬಂತು.

ಸಂಜೆಯ ತೂಕಕ್ಕೆ ಮುಂಚೆಯೇ ಲೆಕ್ಕ ಮಾಡಿ ಇಟ್ಟುಕೊಂಡೆವು. ತೂಕ ನೋಡಿ ಆಮೇಲೆ ಲೆಕ್ಕ ಮಾಡಿದರೆ ಕೈ ತಾನಾಗಿಯೇ ಉತ್ತರದ ಕಡೆಗೆ ವಾಲುತ್ತದೆ. 0.020 ಆಂಪಿಯರ್, 36,000 ಸೆಕೆಂಡ್, ಗುಣಿಸಿದರೆ 720 ಕೂಲಂಬ್. ಒಂದು ಮೋಲ್ ಇಲೆಕ್ಟ್ರಾನಿಗೆ 96,485 ಕೂಲಂಬ್, ಹಾಗಾಗಿ ತಂತಿಯಲ್ಲಿ ಹೋದದ್ದು 0.00746 ಮೋಲ್ ಇಲೆಕ್ಟ್ರಾನ್. ಪ್ರತಿ ಪರಮಾಣುವಿಗೆ ಎರಡು ಇಲೆಕ್ಟ್ರಾನ್ ಆದ್ದರಿಂದ ಲೋಹ ಅದರ ಅರ್ಧ, 0.00373 ಮೋಲ್. ಸತುವಿನ ಪರಮಾಣು ತೂಕ 65.4, ಆದ್ದರಿಂದ ಸತು 0.24 ಗ್ರಾಂ ಕಳೆಯಬೇಕು. ತಾಮ್ರದ್ದು 63.5, ಅದೂ 0.24 ಗ್ರಾಂ ಕೂಡಬೇಕು.

ತಾಮ್ರದ ಸುರುಳಿ ತೆಗೆದಾಗ ನೀರಿನೊಳಗಿದ್ದ ಭಾಗ ಹೊಸ ಇಟ್ಟಿಗೆಯಂತೆ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೇಲಿದ್ದ ಹಳೆಯ ತಂತಿ ಹೊಳೆಯುತ್ತಿತ್ತು. ನಡುವೆ ಗೆರೆ ಎಳೆದಂತೆ ಗಡಿ. ಮೆಲ್ಲಗೆ ನೀರಿನಲ್ಲಿ ಅದ್ದಿ ತೊಳೆದು, ಒರಸದೆ ಒಣಗಿಸಿದೆವು. ಒರಸಿದರೆ ಹೊಸ ತಾಮ್ರ ಬಟ್ಟೆಗೆ ಬರುತ್ತದೆ. 13.63. ಅಂದರೆ 0.23 ಹೆಚ್ಚು.

ಸತುವಿನ ತಗಡಿಗೆ ಕಪ್ಪು ಪಾಚಿಯಂತಹದು ಹಿಡಿದಿತ್ತು. ಅದನ್ನೂ ಹಾಗೆಯೇ ಒಣಗಿಸಿ ತೂಗಿದಳು. 11.61. "0.25 ಕಳೆದಿದೆ ದೊಡ್ಡಪ್ಪ, ಸರಿಯಾಗಿ ಬಂತು!"

ಬಂದದ್ದೇನೋ ಸರಿ. ಆದರೆ ಆ ಕಪ್ಪು ಪಾಚಿ ನನಗೆ ಹಿಡಿಸಲಿಲ್ಲ. ಕುಡಿಕೆಯೊಳಗಿನ ನೀರನ್ನು ಬಿಳಿ ಬಸಿಗೆ ಬಗ್ಗಿಸಿದೆ, ತೆಳು ನೀಲಿ. ಉಜ್ಜಿದ ಮೊಳೆಯನ್ನು ಅದರಲ್ಲಿ ಅದ್ದಿದೆ. ಎರಡು ನಿಮಿಷಕ್ಕೆ ಮೊಳೆ ಕೆಂಪಾಯಿತು. ನೀಲಿ ನೀರು ಗೋಡೆ ದಾಟಿ ಒಳಗೆ ಬಂದಿತ್ತು. ತಗಡಿನ ಮೇಲಿನ ಪಾಚಿ ಬೇರೇನೂ ಅಲ್ಲ, ತಾಮ್ರವೇ. ತೀರ ನಯವಾದ ಪುಡಿಯಾಗಿ ಕೂತರೆ ತಾಮ್ರ ಕಪ್ಪಾಗಿ ಕಾಣುತ್ತದೆ.

ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ತಗಡನ್ನು ತಿಕ್ಕಿ ತೊಳೆದು ಮತ್ತೆ ತೂಗಿದೆ. 11.49. ಕಳೆದದ್ದು 0.25 ಅಲ್ಲ, 0.37.

ರಚನಾಳ ಮುಖ ಸಣ್ಣದಾಯಿತು. ಆದರೆ ಈ ನಾಲ್ಕು ದಿನದಲ್ಲಿ ನನಗೆ ತುಂಬ ಹಿಡಿಸಿದ ಅಂಕಿ ಇದೇ. ತಂತಿಯ ಮೂಲಕ ಇಲೆಕ್ಟ್ರಾನ್ ಕಳುಹಿಸಲು ಸವೆದ ಸತು 0.24. ಉಳಿದ 0.13 ಗ್ರಾಂ ಸತು ಇಲೆಕ್ಟ್ರಾನನ್ನು ತಂತಿಗೆ ಕೊಡಲೇ ಇಲ್ಲ, ನುಸುಳಿ ಬಂದ ತಾಮ್ರದ ಅಯಾನಿಗೆ ನೇರವಾಗಿ ಕೈಯಿಂದ ಕೈಗೆ ಕೊಟ್ಟುಬಿಟ್ಟಿತು. ಸತುವಿನ ತಗಡೊಂದರ ಮೇಲೆಯೇ ಉತ್ಕರ್ಷಣವೂ ಅಪಕರ್ಷಣವೂ ನಡೆಯಿತು, ಕತ್ತಿಯ ಮೇಲೆ ನಡೆದ ಹಾಗೆ. ಮೊದಲ ತೂಕ ಏಕೆ ಸರಿಯೆನಿಸಿತು? 65.4 ಗ್ರಾಂ ಸತು ಹೋದ ಜಾಗಕ್ಕೆ 63.5 ಗ್ರಾಂ ತಾಮ್ರ ಬಂದು ಕೂರುತ್ತದೆ. ಕಳ್ಳ ಸರಕು ಒಯ್ದು ಅಷ್ಟೇ ತೂಕದ ಕಲ್ಲು ಚೀಲದಲ್ಲಿಟ್ಟು ಹೋದಂತೆ. ತಕ್ಕಡಿಗೆ ಅದು ಗೊತ್ತಾಗುವುದಿಲ್ಲ, ಬ್ರಷ್ಷಿಗೆ ಗೊತ್ತಾಗುತ್ತದೆ.

ತಾಮ್ರದ ತಂತಿಯ ತೂಕ ಮಾತ್ರ ಈ ಸೋರಿಕೆಯಿಂದ ಕೆಡಲಿಲ್ಲ. ಆ ತುದಿಗೆ ತಂತಿಯಲ್ಲಿ ಬಂದ ಇಲೆಕ್ಟ್ರಾನಿಗಷ್ಟೇ ತಾಮ್ರ ಕೂರಲು ಸಾಧ್ಯ. 0.24ರ ಬದಲು 0.23 ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈ ತಕ್ಕಡಿಯಲ್ಲಿ ಎರಡು ತೂಕಗಳ ವ್ಯತ್ಯಾಸದಲ್ಲಿ 0.01, 0.02 ಗ್ರಾಂ ಆಚೀಚೆ ಆಗುವುದು ಸಹಜ, ರೆಸಿಸ್ಟರಿನ 47 ಓಮ್ ಕೂಡ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದು.

ನಾಲ್ಕನೆಯ ದಿನ: ರಿಪೇರಿ

ಕುಡಿಕೆಯನ್ನು ಒಣಗಿಸಿ ಬೆಳಕಿಗೆ ಹಿಡಿದಾಗ ಕಾರಣ ಕಂಡಿತು. ಬುಡದ ಹತ್ತಿರ ಕೂದಲೆಳೆಯ ಬಿರುಕು, ಅದರ ಉದ್ದಕ್ಕೂ ನೀಲಿ ಗೆರೆ. ಅಟ್ಟದಿಂದ ಗೋಡೆ ದಪ್ಪವಿರುವ ಇನ್ನೊಂದು ಕುಡಿಕೆ ತಂದೆ. ಬಿರುಕು ಇದೆಯೇ ಎಂದು ನೋಡಲು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಒಡೆದ ಮಡಕೆಯ ಸದ್ದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಇದು ಕಂಚಿನಂತೆ ಉಲಿಯಿತು.

ಇನ್ನೊಂದು ಬದಲಾವಣೆ ಮಾಡಿದೆ. ಮೊದಲ ಸಲ ಹೊರಗಿನ ನೀಲಿ ನೀರು ಕುಡಿಕೆಯೊಳಗಿನ ನೀರಿಗಿಂತ ಎತ್ತರದಲ್ಲಿತ್ತು, ಅದರ ಭಾರವೇ ಅದನ್ನು ಒಳಗೆ ತಳ್ಳುತ್ತಿತ್ತು. ಈ ಸಲ ಕುಡಿಕೆಯೊಳಗಿನ ನೀರನ್ನು ಒಂದು ಬೆರಳಿನ ಅಗಲದಷ್ಟು ಎತ್ತರಕ್ಕೆ ಇಟ್ಟೆ. ಸೋರುವುದಾದರೆ ಸತುವಿನ ನೀರೇ ಹೊರಗೆ ಸೋರಲಿ. ಸತುವಿನ ಅಯಾನು ತಾಮ್ರದ ಕಡೆ ಬಂದರೆ ನಷ್ಟವಿಲ್ಲ. ತಾಮ್ರದ ಅಯಾನು ಇರುವ ತನಕ ಇಲೆಕ್ಟ್ರಾನ್ ಅದಕ್ಕೇ ಸಲ್ಲುತ್ತದೆ, ಸತುವಿಗೆ ಅಪಕರ್ಷಣದ ಅವಕಾಶವೇ ಸಿಗುವುದಿಲ್ಲ. ಅಪಾಯ ಇರುವುದು ಒಂದೇ ದಿಕ್ಕಿನಲ್ಲಿ.

ದಪ್ಪ ಗೋಡೆ ಅಯಾನುಗಳಿಗೂ ಸ್ವಲ್ಪ ಅಡ್ಡಿಯೇ. ರೆಸಿಸ್ಟರಿನ ಮೇಲೆ ಸರಾಸರಿ 0.90 ವೋಲ್ಟ್ ಬಂತು, ಕರೆಂಟು 19 ಮಿಲಿಆಂಪಿಯರಿನ ಆಸುಪಾಸು. ಹತ್ತು ಗಂಟೆಗೆ ಲೆಕ್ಕದ ಪ್ರಕಾರ ಎರಡೂ ಕಡೆ 0.23 ಗ್ರಾಂ. ಸಂಜೆ ಸತುವನ್ನು ತಿಕ್ಕಿ ತೊಳೆದು ತೂಗಿದರೆ 11.23, ನಷ್ಟ 0.26. ತಾಮ್ರ 13.85, ಲಾಭ 0.22. ತಗಡಿನ ಮೇಲೆ ಬೂದಿಬಣ್ಣದ ಮಾಸಲು ಇತ್ತೇ ಹೊರತು ಕಪ್ಪು ಪಾಚಿ ಇರಲಿಲ್ಲ. ಮೊಳೆಯನ್ನು ಕುಡಿಕೆಯ ನೀರಿನಲ್ಲಿ ಹತ್ತು ನಿಮಿಷ ಇಟ್ಟರೂ ಕೆಂಪಾಗಲಿಲ್ಲ.

ಆದರೂ ಸತು 0.03 ಗ್ರಾಂ ಹೆಚ್ಚು ಸವೆದಿದೆ. ಅದರಲ್ಲಿ ಸ್ವಲ್ಪ ತಕ್ಕಡಿಯ ಪಾಲು ಇರಬಹುದು, ಉಳಿದದ್ದು ಸತುವಿನದೇ ತಪ್ಪು. ಸೆಲ್ಲಿನ ಡಬ್ಬಿಯ ಸತು ಶುದ್ಧವಲ್ಲ. ನೀರಿನಲ್ಲಿ ಕರಗಿದ ಗಾಳಿಯೂ ಅದರಿಂದ ನೇರವಾಗಿ ಇಲೆಕ್ಟ್ರಾನ್ ಪಡೆಯುತ್ತದೆ. ಹಿಂದಿನವರು ಈ ಸವೆತ ತಡೆಯಲು ಸತುವಿಗೆ ಪಾದರಸ ಸವರುತ್ತಿದ್ದರು. ಮನೆಯಲ್ಲಿ ಮಾಡುವ ಕೆಲಸವಲ್ಲ ಅದು, 0.03 ಗ್ರಾಂ ಹೋದರೆ ಹೋಗಲಿ. ಆದರೆ ಸೆಲ್ಲನ್ನು ಕಟ್ಟಿ ಹಾಗೆಯೇ ಬಿಡಬೇಡಿ. ಕರೆಂಟು ಹರಿಯದಿದ್ದರೂ ಗೋಡೆಯ ಮೂಲಕ ತಾಮ್ರ ನಿಧಾನಕ್ಕೆ ಬೆರೆಯುತ್ತಲೇ ಇರುತ್ತದೆ. ಕೆಲಸವಾದ ಕೂಡಲೇ ತಗಡು ತೆಗೆದು ತೊಳೆದಿಡಬೇಕು.

ಉಳಿದ ನೀಲಿ ನೀರನ್ನು ರಚನಾ ಅಂಗಳದ ಚರಂಡಿಗೆ ಸುರಿಯಲು ಹೊರಟಿದ್ದಳು, ತಡೆದೆ. ಆ ಚರಂಡಿ ತೊರೆಗೆ ಸೇರುತ್ತದೆ, ತಾಮ್ರ ಮೀನಿಗೆ ವಿಷ. ಬಾಟಲಿಗೆ ತುಂಬಿ, ಮುಂದಿನ ಬೋರ್ಡೋಗೆ ಎಂದು ಚೀಟಿ ಅಂಟಿಸಿ ಉಗ್ರಾಣದಲ್ಲಿಟ್ಟಿದ್ದೇನೆ. ಸುಣ್ಣ ಬೆರೆಸಿದ ಮೇಲೆ ಕತ್ತಿ ಅದ್ದಿ ನೋಡುವ ಕೆಲಸ ಈ ಸಲ ತನ್ನದು ಎಂದು ಅವಳು ಹೇಳಿ ಹೋಗಿದ್ದಾಳೆ. ರೆಕಾರ್ಡಿನಲ್ಲಿ ನಿಂಬೆಯ ಸೆಲ್ಲಿನ ಕೆಳಗೆ ಹೈಡ್ರೋಜನ್‌ನ ಸಾಲು ಬಂದಿದೆ. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡೇ ಅಂಕಿ: 13.40, 13.40.